ಸತುವಿನ ತಂತಿ ಎಷ್ಟು ಭಾರಕ್ಕೆ ಮಣಿಯುತ್ತದೆ?

ಅತಿ ಶುದ್ಧವಾದ ಸತುವಿನ ಮೂರು ತಂತಿಗಳಿವೆ ಎಂದುಕೊಳ್ಳೋಣ. ಮೂರೂ ಒಂದೇ ಕುಲುಮೆಯಲ್ಲಿ ಕರಗಿಸಿದ ಲೋಹದಿಂದ ಬಂದವು. ಮೂರರ ಅಡ್ಡಕೊಯ್ತದ ವಿಸ್ತೀರ್ಣವೂ ಸರಿಯಾಗಿ ಒಂದು ಚದರ ಮಿಲಿಮೀಟರ್. ಒಂದೊಂದರ ತಲೆಯನ್ನೂ ಮೇಲೆ ಸಿಕ್ಕಿಸಿ, ಕೆಳಗಿನ ತುದಿಗೆ ಸ್ವಲ್ಪ ಸ್ವಲ್ಪವೇ ಭಾರ ಸೇರಿಸುತ್ತ ಹೋಗುತ್ತೇವೆ. ಮೊದಲನೆಯ ತಂತಿ ಸುಮಾರು 36 ಗ್ರಾಂ ತೂಕಕ್ಕೇ ಮಣಿದು ಉದ್ದವಾಗತೊಡಗುತ್ತದೆ. ಎರಡನೆಯದು 56 ಗ್ರಾಂವರೆಗೆ ತಡೆಯುತ್ತದೆ. ಮೂರನೆಯದು 105 ಗ್ರಾಂ ಹೊತ್ತ ಮೇಲಷ್ಟೇ ಸೋಲುತ್ತದೆ. ಲೋಹದಲ್ಲಿ ವ್ಯತ್ಯಾಸವಿಲ್ಲ, ಗಾತ್ರದಲ್ಲಿಲ್ಲ, ಕೋಣೆಯ ಉಷ್ಣತೆಯಲ್ಲೂ ಇಲ್ಲ. ವ್ಯತ್ಯಾಸವಿರುವುದು ಒಂದೇ ಒಂದರಲ್ಲಿ: ತಂತಿಯೊಳಗೆ ಪರಮಾಣುಗಳ ಸಾಲುಗಳು ಯಾವ ಕಡೆಗೆ ಓರೆಯಾಗಿ ನಿಂತಿವೆ ಎನ್ನುವುದರಲ್ಲಿ.

ಹಾಗಾದರೆ ಸತುವಿನ ಬಲ ಎಷ್ಟು ಎಂದು ಯಾರಾದರೂ ಕೇಳಿದರೆ 36 ಎನ್ನಬೇಕೋ, 105 ಎನ್ನಬೇಕೋ? ನೂರು ವರ್ಷಗಳ ಹಿಂದೆ ಬರ್ಲಿನ್ನಿನ ಡಾಲೆಮ್ ಬಡಾವಣೆಯ ಒಂದು ಪ್ರಯೋಗಾಲಯದಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರ, ಲೋಹಗಳ ಬಗ್ಗೆ ನಮಗೆ ಗೊತ್ತಿರುವ ವಿಷಯಗಳಲ್ಲೇ ಬಹಳ ಅಚ್ಚುಕಟ್ಟಾದದ್ದೆಂದು ನನ್ನ ಎಣಿಕೆ. ಎರಡೂ ಅಲ್ಲ, ನಿಜವಾದ ಸಂಖ್ಯೆ 18. ಮಿಕ್ಕ ಅಂಕಿಗಳೆಲ್ಲ ಆ ಹದಿನೆಂಟನ್ನು ಬೇರೆ ಬೇರೆ ಕೋನಗಳಿಂದ ನೋಡಿದಾಗ ಕಾಣುವಂಥವು.

ಮೊದಲು ಏಕಸ್ಫಟಿಕ ಎಂದರೇನು ಎಂಬುದನ್ನು ಹೇಳಬೇಕು. ನಮ್ಮ ಕೈಗೆ ಸಿಗುವ ಲೋಹಗಳೆಲ್ಲ ಹೆಚ್ಚುಕಡಿಮೆ ಸಣ್ಣ ಸಣ್ಣ ಹರಳುಗಳ ರಾಶಿ. ಗ್ಯಾಲ್ವನೈಸ್ ಮಾಡಿದ ಹೊಸ ಬಕೆಟಿನ ಮೇಲೆ ಹೂವಿನಂಥ ಹೊಳಪಿನ ತೇಪೆಗಳು ಕಾಣುತ್ತವಲ್ಲ, ಆ ಒಂದೊಂದು ತೇಪೆಯೂ ಸತುವಿನ ಒಂದೊಂದು ಹರಳು. ಒಂದು ಹರಳಿನೊಳಗೆ ಪರಮಾಣುಗಳೆಲ್ಲ ಒಂದೇ ಕ್ರಮದಲ್ಲಿ, ಒಂದೇ ದಿಕ್ಕಿನಲ್ಲಿ ಜೋಡಿಸಿಕೊಂಡಿರುತ್ತವೆ. ಪಕ್ಕದ ಹರಳಿನಲ್ಲಿ ಕ್ರಮ ಅದೇ, ದಿಕ್ಕು ಮಾತ್ರ ಬೇರೆ. ಇಡೀ ತಂತಿಯೇ ಒಂದು ಹರಳಾಗಿ, ಈ ತುದಿಯಿಂದ ಆ ತುದಿಯವರೆಗೆ ಪರಮಾಣುಗಳ ಸಾಲು ಎಲ್ಲೂ ದಿಕ್ಕು ಬದಲಿಸದೆ ಹೋದರೆ ಅದು ಏಕಸ್ಫಟಿಕ.

ಸತುವಿನ ಹರಳಿನಲ್ಲಿ ಪರಮಾಣುಗಳು ಷಟ್ಕೋನಾಕಾರದ ಪದರಗಳಾಗಿ ಒಂದರ ಮೇಲೊಂದು ಕೂತಿರುತ್ತವೆ. ಒಂದೇ ಪದರದಲ್ಲಿ ಅಕ್ಕಪಕ್ಕದ ಪರಮಾಣುಗಳ ನಡುವಿನ ದೂರ 2.66 ಆಂಗ್‌ಸ್ಟ್ರಾಮ್, ಅಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗದ ಎರಡೂಮುಕ್ಕಾಲು ಪಟ್ಟಿಗೆ ತುಸು ಕಡಿಮೆ. ಮೇಲಿನ ಪದರದ ಪರಮಾಣುವಿಗೆ ಇರುವ ದೂರ 2.91. ಪದರದೊಳಗಿನ ನಂಟು ಬಿಗಿ, ಪದರ ಪದರಗಳ ನಡುವಿನದು ಸಡಿಲ. ಅದರಿಂದಾಗಿ ಎಳೆದಾಗ ಸತುವಿನ ಹರಳು ಮಾಡುವ ಸುಲಭದ ಕೆಲಸವೆಂದರೆ, ಒಂದು ಪದರ ಇನ್ನೊಂದರ ಮೇಲೆ ಜಾರುವುದು. ಇಸ್ಪೀಟು ಎಲೆಗಳ ಕಟ್ಟನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಮೇಲೆ ತಳ್ಳಿದರೆ ಎಲೆಗಳು ಒಂದರ ಮೇಲೊಂದು ಸರಿಯುವಂತೆ. ಇಸ್ಪೀಟಿಗೂ ಸತುವಿಗೂ ಒಂದು ದೊಡ್ಡ ಅಂತರವೂ ಇದೆ. ಎಲೆಗಳು ಯಾವ ದಿಕ್ಕಿಗೆ ಬೇಕಾದರೂ ಸರಿಯುತ್ತವೆ. ಸತುವಿನ ಪದರ ಹಾಗಲ್ಲ. ಪರಮಾಣುಗಳು ಒತ್ತೊತ್ತಾಗಿ ಸಾಲುಗೂಡಿರುವ ಮೂರು ದಿಕ್ಕುಗಳಲ್ಲಿ ಮಾತ್ರ ಅದು ಜಾರುತ್ತದೆ. ಷಟ್ಕೋನದ ಪದರವಾದ್ದರಿಂದ ಆ ಮೂರು ಸಾಲುಗಳ ನಡುವೆ 60 ಡಿಗ್ರಿ ಕೋನವಿರುತ್ತದೆ.

ಜಾರುವ ಒಂದು ಪದರ, ಆ ಪದರದೊಳಗೆ ಜಾರುವ ಒಂದು ದಿಕ್ಕು, ಇವೆರಡೂ ಸೇರಿದರೆ ಅದನ್ನು ಒಂದು ಜಾರು ವ್ಯವಸ್ಥೆ ಎನ್ನುತ್ತಾರೆ. ಸಾಮಾನ್ಯ ಉಷ್ಣತೆಯಲ್ಲಿ ಸತುವಿಗೆ ಸುಲಭವಾಗಿ ಒದಗುವುದು ಒಂದು ಬಗೆಯ ಪದರ, ಮೂರು ದಿಕ್ಕು. ಒಟ್ಟು ಮೂರೇ ಜಾರು ವ್ಯವಸ್ಥೆ. ಹರಳು ಬೇಕೆಂದ ಕಡೆಗೆ ಬಾಗುವುದಿಲ್ಲ. ತನ್ನೊಳಗೆ ಇರುವ ಈ ಕೆಲವೇ ದಾರಿಗಳಲ್ಲಿ ಯಾವುದಾದರೂ ಒಂದನ್ನು ಹಿಡಿದೇ ಅದು ಮಣಿಯಬೇಕು.

ಈಗ ತಂತಿಯನ್ನು ಎಳೆಯೋಣ. ಎಳೆತ ಇರುವುದು ತಂತಿಯ ಉದ್ದಕ್ಕೆ. ಜಾರಬೇಕಾದ ಪದರ ಮಾತ್ರ ಓರೆಯಾಗಿ ನಿಂತಿದೆ. ಎಳೆತದ ಎಷ್ಟು ಪಾಲು ಆ ಪದರವನ್ನು ಜಾರಿಸಲು ಒದಗುತ್ತದೆ? ಲೆಕ್ಕ ಎರಡು ಮೆಟ್ಟಿಲಿನದು.

ಒಂದನೆಯದು ವಿಸ್ತೀರ್ಣದ್ದು. ತಂತಿಯನ್ನು ನೇರ ಅಡ್ಡಡ್ಡ ಕತ್ತರಿಸಿದರೆ ಕೊಯ್ದ ಮುಖ ಚಿಕ್ಕದು. ಓರೆಯಾಗಿ ಕತ್ತರಿಸಿದರೆ ಅಂಡಾಕಾರದ ದೊಡ್ಡ ಮುಖ. ಜಾರುವ ಪದರ ಎಂದರೆ ಇಂಥ ಓರೆ ಮುಖವೇ. ಅದು ಹೆಚ್ಚು ಓರೆಯಾದಷ್ಟೂ ಅದೇ ಭಾರ ಹೆಚ್ಚು ಜಾಗದ ಮೇಲೆ ಹಂಚಿಹೋಗುತ್ತದೆ, ಒಂದೊಂದು ಚದರ ಮಿಲಿಮೀಟರಿಗೆ ಬೀಳುವ ಪಾಲು ಕಡಿಮೆಯಾಗುತ್ತದೆ. ಪದರಕ್ಕೆ ನೆಟ್ಟಗೆ ಲಂಬವಾಗಿ ಒಂದು ಗೆರೆ ನಿಲ್ಲಿಸಿ, ಅದಕ್ಕೂ ತಂತಿಯ ಉದ್ದಕ್ಕೂ ಇರುವ ಕೋನವನ್ನು φ ಎಂದು ಕರೆದರೆ, ಪಾಲು ಕುಗ್ಗುವುದು cosφ ಪ್ರಮಾಣದಲ್ಲಿ.

ಎರಡನೆಯದು ದಿಕ್ಕಿನದು. ಭಾರ ಎಳೆಯುವುದು ಕೆಳಕ್ಕೆ, ಪದರ ಜಾರಬೇಕಾದದ್ದು ಓರೆ ದಿಕ್ಕಿಗೆ. ಆ ಓರೆ ದಿಕ್ಕಿಗೆ ಉಪಯೋಗವಾಗುವುದು ಬಲದ ಒಂದು ಅಂಶ ಮಾತ್ರ. ಜಾರುವ ದಿಕ್ಕಿಗೂ ತಂತಿಯ ಉದ್ದಕ್ಕೂ ಇರುವ ಕೋನ λ ಆದರೆ, ಆ ಅಂಶ cosλ. ಎರಡನ್ನೂ ಗುಣಿಸಿದರೆ ಸೂತ್ರ ಸಿದ್ಧ:

τ = σ cosφ cosλ

ಇಲ್ಲಿ σ ಎಂದರೆ ತಂತಿಯ ಅಡ್ಡಕೊಯ್ತದ ಚದರ ಮಿಲಿಮೀಟರಿಗೆ ನಾವು ಹೇರಿದ ಭಾರ. τ ಎಂದರೆ ಅದರಲ್ಲಿ ಜಾರು ಪದರದ ಮೇಲೆ, ಜಾರು ದಿಕ್ಕಿನಲ್ಲಿ ಕೆಲಸ ಮಾಡುವ ಶಿಯರ್ ಒತ್ತಡ. ಎರಡು ಕೊಸೈನ್‌ಗಳ ಗುಣಲಬ್ಧಕ್ಕೆ ಈಗ ಶ್ಮಿಡ್ ಫ್ಯಾಕ್ಟರ್ ಎಂಬ ಹೆಸರಿದೆ. ಎಳೆತದ ಲೆಕ್ಕದಲ್ಲಿ ಅದು ಎಂದೂ ಅರ್ಧಕ್ಕಿಂತ ಹೆಚ್ಚಾಗದು. ಎರಡೂ ಕೋನಗಳು 45 ಡಿಗ್ರಿ ಇದ್ದಾಗ ಸರಿಯಾಗಿ ಅರ್ಧ.

ಶುದ್ಧ ಸತುವಿನ ಪದರ ಜಾರಲು ಬೇಕಾದ ಕನಿಷ್ಠ ಶಿಯರ್ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 18 ಗ್ರಾಂ. ಜಿಲ್ಸನ್ ಎಂಬ ವಿಜ್ಞಾನಿ 1950ರಲ್ಲಿ ಪ್ರಕಟಿಸಿದ, 99.999 ಪ್ರತಿಶತ ಶುದ್ಧತೆಯ ಸತುವಿನ ಅಳತೆಯಿಂದ ಬಂದ ಅಂಕಿ ಇದು. ಇದನ್ನು ಹಿಡಿದು ನಮ್ಮ ಮೂರು ತಂತಿಗಳಿಗೆ ಹೋಗೋಣ. ಮೊದಲನೆಯದರಲ್ಲಿ ಎರಡೂ ಕೋನ 45 ಡಿಗ್ರಿ, ಫ್ಯಾಕ್ಟರ್ 0.5, ಹದಿನೆಂಟನ್ನು ಅರ್ಧದಿಂದ ಭಾಗಿಸಿದರೆ 36 ಗ್ರಾಂ. ಎರಡನೆಯದರಲ್ಲಿ φ 20 ಡಿಗ್ರಿ, λ 70 ಡಿಗ್ರಿ, ಫ್ಯಾಕ್ಟರ್ 0.32, ಬೇಕಾದ ಭಾರ 56 ಗ್ರಾಂ. ಮೂರನೆಯದರಲ್ಲಿ φ 10, λ 80, ಫ್ಯಾಕ್ಟರ್ 0.17; ಭಾರ 105 ಗ್ರಾಂ. ಮೂರರಲ್ಲೂ ಪದರದ ಮೇಲೆ ಬಿದ್ದ ಒತ್ತಡ ಅದೇ 18.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಅವಸರದಲ್ಲಿ ದಾಟಬಾರದು. ಪದರ 45 ಡಿಗ್ರಿಯಲ್ಲಿ ನಿಂತ ಮಾತ್ರಕ್ಕೆ ಫ್ಯಾಕ್ಟರ್ ಅರ್ಧ ಆಗಿಬಿಡುವುದಿಲ್ಲ. ಆ ಪದರದ ಮೂರು ದಿಕ್ಕುಗಳಲ್ಲಿ ಒಂದು ಸರಿಯಾಗಿ ಇಳಿಜಾರಿನ ಕಡೆಗೇ ಮುಖ ಮಾಡಿದ್ದರೆ ಅದಕ್ಕೆ 0.5, ಮಿಕ್ಕೆರಡಕ್ಕೆ 0.25. ಆಗ ಮೊದಲ ದಿಕ್ಕೊಂದೇ ಓಡುತ್ತದೆ, ಉಳಿದೆರಡು ಸುಮ್ಮನಿರುತ್ತವೆ. ಅದೇ ಪದರವನ್ನು ತನ್ನ ಜಾಗದಲ್ಲೇ 30 ಡಿಗ್ರಿ ತಿರುಗಿಸಿ ಕೂರಿಸಿದರೆ, ಇಳಿಜಾರಿನ ಎಡಕ್ಕೊಂದು, ಬಲಕ್ಕೊಂದು ದಿಕ್ಕು ಬಂದು ಎರಡಕ್ಕೂ ಸಮಪಾಲು 0.43 ಆಗುತ್ತದೆ, ಮೂರನೆಯ ದಿಕ್ಕು ಪೂರ್ತಿ ಅಡ್ಡವಾಗಿ ಅದರ ಪಾಲು ಸೊನ್ನೆ. ಈ ತಂತಿ ಮಣಿಯಲು ಸುಮಾರು 42 ಗ್ರಾಂ ಬೇಕು. ಪದರದ ಓರೆ ಒಂದೇ ಆದರೂ ಆರು ಗ್ರಾಂ ಹೆಚ್ಚು. ಪದರವನ್ನಷ್ಟೇ ನೋಡಿ ದಿಕ್ಕನ್ನು ಮರೆತವರ ಲೆಕ್ಕ ತಪ್ಪುವುದು ಇಲ್ಲೇ.

ಡಾಲೆಮ್‌ನಲ್ಲಿ ಈ ಕೆಲಸ ಮಾಡಿದವರು ಲೋಹಕ್ಕಾಗಿ ಇದ್ದ ಸಂಸ್ಥೆಯವರಲ್ಲ ಎನ್ನುವುದು ಕುತೂಹಲದ ಸಂಗತಿ. ಕೈಸರ್ ವಿಲ್‌ಹೆಲ್ಮ್ ಸಂಸ್ಥೆಯ ನಾರುಗಳ ರಸಾಯನಶಾಸ್ತ್ರ ವಿಭಾಗದಲ್ಲಿ ಹರ್ಮನ್ ಮಾರ್ಕ್, ಮೈಕೆಲ್ ಪೊಲಾನಿ, ಎರಿಕ್ ಶ್ಮಿಡ್ ಇದ್ದರು. ಸಸ್ಯಗಳ ನಾರಿಗೆ ಕ್ಷ-ಕಿರಣ ಹಾಯಿಸಿ ಒಳರಚನೆ ತಿಳಿಯುವುದು ಅಲ್ಲಿನ ಕಸುಬು. ನಾರು ಏಕೆ ಗಟ್ಟಿ ಎಂಬ ಪ್ರಶ್ನೆಯಿಂದ ಎಳೆದ ಲೋಹದ ತಂತಿ ಏಕೆ ಗಟ್ಟಿ ಎಂಬ ಪ್ರಶ್ನೆಗೆ ಹೋದದ್ದು ಸಹಜವೇ ಆಗಿತ್ತು. 1920ರ ದಶಕದ ಆರಂಭದಲ್ಲಿ ಅವರು ಸತುವಿನ ಏಕಸ್ಫಟಿಕ ತಂತಿಗಳನ್ನು ಎಳೆದು ನೋಡಿದರು. ಅದಕ್ಕೂ ಎರಡು ದಶಕ ಮೊದಲೇ ಇಂಗ್ಲೆಂಡಿನಲ್ಲಿ ಯೂಯಿಂಗ್ ಮತ್ತು ರೋಸೆನ್‌ಹೈನ್ ಎಂಬಿಬ್ಬರು, ಹೊಳಪು ಕೊಟ್ಟ ಲೋಹವನ್ನು ಎಳೆದಾಗ ಅದರ ಮೇಲ್ಮೈಯಲ್ಲಿ ಸಣ್ಣ ಗೆರೆಗಳು ಮೂಡುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಅವು ಜಾರಿದ ಪದರಗಳ ಮೆಟ್ಟಿಲುಗಳು ಎಂದು ಹೇಳಿದ್ದರು. ಜಾರುವುದು ಗೊತ್ತಿತ್ತು. ಎಷ್ಟಕ್ಕೆ ಜಾರುತ್ತದೆ ಎನ್ನುವ ನಿಯಮ ಗೊತ್ತಿರಲಿಲ್ಲ.

ಏಕಸ್ಫಟಿಕವನ್ನು ಪಡೆಯುವುದೇ ದೊಡ್ಡ ಕೆಲಸ. ಡಾಲೆಮ್‌ನಲ್ಲಿ ಬಳಸಿದ ವಿಧಾನದ ಮೂಲ ಪೋಲೆಂಡಿನ ಯಾನ್ ಚೊಕ್ರಾಲ್‌ಸ್ಕಿಯದು: ಕರಗಿದ ಲೋಹದ ಮೇಲ್ಮೈಯನ್ನು ಮುಟ್ಟಿಸಿ ನಿಧಾನವಾಗಿ ಮೇಲಕ್ಕೆ ಎಳೆದರೆ ಲೋಹ ದಾರದಂತೆ ಹೆಪ್ಪುಗಟ್ಟುತ್ತ ಬರುತ್ತದೆ. ತಂತಿ ಒಂದೇ ದಪ್ಪಕ್ಕೆ ಬರಲೆಂದು ಕರಗಿದ ಸತುವಿನ ಮೇಲೆ ತೂತು ಮಾಡಿದ ಅಭ್ರಕದ ಹಾಳೆಯನ್ನು ತೇಲಿಬಿಟ್ಟು, ಆ ತೂತಿನಿಂದ ಎಳೆಯುತ್ತಿದ್ದರು. ಹೀಗೆ ಬಂದ ತಂತಿಗಳಲ್ಲಿ ಪದರದ ಓರೆ ಒಂದೊಂದರಲ್ಲಿ ಒಂದೊಂದು ಬಗೆ. ಬೇರೆ ಕೆಲಸಕ್ಕೆ ಇದು ತೊಂದರೆ ಎನಿಸಬಹುದು, ಈ ಪ್ರಶ್ನೆಗೆ ಮಾತ್ರ ಅದು ವರವೇ ಆಯಿತು.

ಅಳತೆ ಸುಲಭದ್ದಲ್ಲ. ಮೂವತ್ತಾರು ಗ್ರಾಂಗೆ ಮಣಿಯುವ ತಂತಿಯನ್ನು ಬೆರಳಲ್ಲಿ ಅಜಾಗ್ರತೆಯಿಂದ ಎತ್ತಿದರೂ ಬಾಗುತ್ತದೆ, ಬಾಗಿದ ಜಾಗದಲ್ಲಿ ಆಗಲೇ ಪದರ ಜಾರಿಹೋಗಿರುತ್ತದೆ. ಕೆಳಗಿನ ಹಿಡಿಕೆಯ ಸ್ವಂತ ತೂಕವನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಉತ್ತರ ಹಾಳು. ಹಿಡಿಕೆ ಸ್ವಲ್ಪ ಸೊಟ್ಟಗೆ ಕೂತರೆ ಎಳೆತದ ಜೊತೆ ಬಾಗುವಿಕೆಯೂ ಸೇರಿಕೊಂಡು, ತಂತಿಯ ಒಂದು ಮಗ್ಗುಲು ಮೊದಲೇ ಮಣಿಯುತ್ತದೆ. ಎಲ್ಲ ಸರಿಯಿದ್ದಾಗ ಗುರುತು ಸ್ಪಷ್ಟ: ಭಾರ ಏರುತ್ತಿದ್ದರೂ ಉದ್ದ ಅಷ್ಟಾಗಿ ಬದಲಾಗದೆ ಇದ್ದದ್ದು, ಒಂದು ಹಂತದಲ್ಲಿ ತಟಕ್ಕನೆ ತಿರುಗಿ, ಭಾರ ಹೆಚ್ಚುಕಡಿಮೆ ಅಷ್ಟೇ ಇದ್ದರೂ ತಂತಿ ಉದ್ದವಾಗುತ್ತ ಹೋಗುತ್ತದೆ. ಮೈಮೇಲೆ ಓರೆಯಾದ ಸಮಾನಾಂತರ ಉಂಗುರಗಳು ಮೂಡುತ್ತವೆ. ಆ ಉಂಗುರಗಳ ಓರೆಯೇ ಜಾರಿದ ಪದರದ ಓರೆ. ದಿಕ್ಕನ್ನು ಖಚಿತಪಡಿಸಿಕೊಳ್ಳಲು ಕ್ಷ-ಕಿರಣ ಚಿತ್ರ ಇದ್ದೇ ಇದೆ.

ಶ್ಮಿಡ್ ತನ್ನ ಅಳತೆಗಳನ್ನು 1924ರಲ್ಲಿ ಡೆಲ್ಫ್ಟ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಯಂತ್ರಶಾಸ್ತ್ರ ಸಮ್ಮೇಳನದಲ್ಲಿ ಮುಂದಿಟ್ಟ. ತಂತಿ ಮಣಿದ ಭಾರ ಎಷ್ಟೇ ವ್ಯತ್ಯಾಸವಾದರೂ, ಅದನ್ನು ಪದರ ಮತ್ತು ದಿಕ್ಕಿನ ಮೇಲಿನ ಶಿಯರ್ ಒತ್ತಡವಾಗಿ ಬದಲಿಸಿದರೆ ಒಂದೇ ಸಂಖ್ಯೆಯ ಸುತ್ತ ಬಂದು ನಿಲ್ಲುತ್ತದೆ ಎನ್ನುವುದೇ ಅವನು ಕಂಡ ನಿಯಮ.

ಇದು ಬರೀ ಕಾಕತಾಳೀಯವಲ್ಲ ಎಂದು ಹೇಗೆ ನಂಬುವುದು? ಪದರದ ಮೇಲೆ ಜಾರಿಸುವ ಒತ್ತಡವೊಂದೇ ಅಲ್ಲ, ಪದರಗಳನ್ನು ಒಂದರಿಂದೊಂದು ಬಿಡಿಸುವಂತೆ ಎಳೆಯುವ ಒತ್ತಡವೂ ಇರುತ್ತದೆ. ಅದು ಕಾರಣವಾಗಿರಬಾರದೇಕೆ? ನಮ್ಮ ಮೂರನೆಯ ತಂತಿಯ ಪಕ್ಕದಲ್ಲಿ ನಾಲ್ಕನೆಯದೊಂದನ್ನು ಇಡೋಣ. ಮೂರನೆಯದರಲ್ಲಿ φ 10, λ 80; ಪದರ ತಂತಿಗೆ ಬಹುಪಾಲು ಅಡ್ಡವಾಗಿದೆ. ನಾಲ್ಕನೆಯದರಲ್ಲಿ φ 80, λ 10. ಪದರ ತಂತಿಯ ಉದ್ದಕ್ಕೇ ಮಲಗಿದಂತಿದೆ. ಕೊಸೈನ್‌ಗಳ ಗುಣಲಬ್ಧ ಎರಡರಲ್ಲೂ 0.17. ಭಾರ 105 ಗ್ರಾಂ ಇದ್ದಾಗ ಮೂರನೆಯ ತಂತಿಯ ಪದರಗಳನ್ನು ಬಿಡಿಸಲೆಳೆಯುವ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 102 ಗ್ರಾಂ. ನಾಲ್ಕನೆಯದರಲ್ಲಿ ಬರೀ ಮೂರು ಗ್ರಾಂ ಚಿಲ್ಲರೆ. ಮೂವತ್ತು ಪಟ್ಟಿಗೂ ಮೀರಿದ ವ್ಯತ್ಯಾಸ. ಆದರೂ ಎರಡೂ ಜಾರತೊಡಗುವುದು ಒಂದೇ ಭಾರಕ್ಕೆ. ಬಿಡಿಸುವ ಒತ್ತಡಕ್ಕೆ ಜಾರುವಿಕೆಯಲ್ಲಿ ಪಾತ್ರವಿಲ್ಲ ಎನ್ನಲು ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಹಾಗೆಂದು ಆ ಒತ್ತಡ ಎಂದೂ ತೊಂದರೆ ಕೊಡದು ಎಂದಲ್ಲ. ಪದರ ತಂತಿಗೆ ಪೂರ್ತಿ ಅಡ್ಡವಾಗಿ ಬಂದರೆ cosλ ಸೊನ್ನೆಯಾಗುತ್ತದೆ. ಸೂತ್ರದ ಪ್ರಕಾರ ಎಷ್ಟು ಭಾರ ಹಾಕಿದರೂ ಜಾರುವಿಕೆ ಇಲ್ಲ. ಹರಳಿಗೆ ಆಗ ಬೇರೆ ದಾರಿಯಿಲ್ಲದೆ, ಪದರಗಳ ನಡುವೆಯೇ ಕನ್ನಡಿಯಂಥ ನುಣುಪಾದ ಮುಖ ಬಿಟ್ಟು ಪಟ್ಟನೆ ಒಡೆಯುತ್ತದೆ. ದ್ರವರೂಪದ ಗಾಳಿಯಲ್ಲಿ ಅದ್ದಿ ತಂಪು ಮಾಡಿದರಂತೂ ಇದು ಬಹಳ ಸಲೀಸು. ಇನ್ನೊಂದು ತುದಿಯಲ್ಲಿ, ಪದರ ತಂತಿಯ ಉದ್ದಕ್ಕೆ ಪೂರ್ತಿ ಸಮಾನಾಂತರವಾದರೆ cosφ ಸೊನ್ನೆ. ಆಗಲೂ ಜಾರಲಾಗದು. ಅಲ್ಲಿ ಹರಳಿನ ಒಂದು ಪಟ್ಟಿ ಒಮ್ಮೆಲೇ ಪಕ್ಕಕ್ಕೆ ಮಗುಚಿ, ಮೂಲ ಹರಳಿನ ಕನ್ನಡಿ ಬಿಂಬದಂಥ ದಿಕ್ಕಿಗೆ ತಿರುಗುತ್ತದೆ. ಇದಕ್ಕೆ ಟ್ವಿನ್ನಿಂಗ್ ಎನ್ನುತ್ತಾರೆ. ಆಗ ಚಟ್ ಎಂಬ ಸಣ್ಣ ಸದ್ದೂ ಕೇಳುವುದುಂಟು. ಬಲ ಎಂಬ ಒಂದೇ ಪದದಡಿ ನಾವು ಹೇಳುವುದರಲ್ಲಿ ಹೀಗೆ ಮೂರು ಬೇರೆ ಘಟನೆಗಳು ಅಡಗಿರುತ್ತವೆ. ಯಾವುದು ಮೊದಲು ನಡೆಯುತ್ತದೆ ಎನ್ನುವುದನ್ನು ನಿರ್ಧರಿಸುವುದು ಓರೆ.

ಮಣಿಯತೊಡಗಿದ ಮೇಲೆ ಏನಾಗುತ್ತದೆ ಎನ್ನುವುದು ಇನ್ನೂ ಸೊಗಸಾಗಿದೆ. ಪದರಗಳು ಓರೆಯಾಗಿ ಜಾರಿದರೆ ತಂತಿಯ ಕೆಳತುದಿ ಪಕ್ಕಕ್ಕೆ ಸರಿಯಬೇಕು. ಭಾರ ಮಾತ್ರ ಅದನ್ನು ನೇರ ಕೆಳಗೇ ಹಿಡಿದಿಟ್ಟಿದೆ. ಈ ಎರಡೂ ಒಟ್ಟಿಗೆ ನಡೆಯಬೇಕಾದರೆ ಹರಳೇ ತಿರುಗಬೇಕು. ಜಾರುವ ದಿಕ್ಕು ಮೆಲ್ಲಮೆಲ್ಲಗೆ ತಂತಿಯ ಉದ್ದದ ಕಡೆಗೆ ವಾಲುತ್ತದೆ, λ ಕುಗ್ಗುತ್ತದೆ. ಉದ್ದ ಎಷ್ಟಾಯಿತು ಎಂಬುದಕ್ಕೂ λ ಎಷ್ಟು ಕುಗ್ಗಿತು ಎಂಬುದಕ್ಕೂ ನೇರ ನಂಟಿದೆ: ಮೊದಲಿನ ಕೋನದ ಸೈನ್ ಅನ್ನು ಈಗಿನ ಕೋನದ ಸೈನ್‌ನಿಂದ ಭಾಗಿಸಿದರೆ ತಂತಿ ಎಷ್ಟು ಪಟ್ಟು ಉದ್ದವಾಯಿತೋ ಅದು ಸಿಗುತ್ತದೆ. λ 60 ಡಿಗ್ರಿಯಿಂದ, φ 30 ಡಿಗ್ರಿಯಿಂದ ಶುರುವಾದ ತಂತಿಯೊಂದನ್ನು ತೆಗೆದುಕೊಳ್ಳಿ. ಆರಂಭದ ಫ್ಯಾಕ್ಟರ್ 0.43. ಉದ್ದ ಶೇಕಡ 22ರಷ್ಟು ಹೆಚ್ಚುವಷ್ಟರಲ್ಲಿ λ 45ಕ್ಕೆ ಇಳಿದು ಫ್ಯಾಕ್ಟರ್ 0.5 ಆಗುತ್ತದೆ. ಅಂದರೆ ಎಳೆದಷ್ಟೂ ತಂತಿ ಸುಲಭವಾಗಿ ಮಣಿಯುತ್ತಿದೆ. ಅಲ್ಲಿಂದ ಮುಂದೆ ಕತೆ ತಿರುಗುತ್ತದೆ. ಎರಡೂವರೆ ಪಟ್ಟು ಉದ್ದವಾಗುವ ಹೊತ್ತಿಗೆ λ 20 ಡಿಗ್ರಿ, ಫ್ಯಾಕ್ಟರ್ 0.32. ಮೃದುವಾಗಿದ್ದ ಓರೆಯಿಂದ ಹರಳು ತಾನಾಗಿಯೇ ಗಡುಸಾದ ಓರೆಗೆ ಬಂದು ನಿಂತಿದೆ.

ಗುಂಡಗಿದ್ದ ತಂತಿ ಈ ವೇಳೆಗೆ ಚಪ್ಪಟೆಯಾದ ಪಟ್ಟಿಯಂತಾಗಿರುತ್ತದೆ. ಡಾಲೆಮ್‌ನವರನ್ನು ಮೊದಲು ಯೋಚನೆಗೆ ಹಚ್ಚಿದ್ದು ಈ ಪಟ್ಟಿಯೇ. ಪದರಗಳು ಎಳೆತದ ದಿಕ್ಕಿಗೆ ಬಹುಪಾಲು ಸಮಾನಾಂತರವಾದ ಮೇಲೆ ಜಾರುವಿಕೆ ಕುಂಟುತ್ತದೆ. ಆಗ ಪಟ್ಟಿಯ ಒಂದು ಜಾಗದಲ್ಲಿ ಟ್ವಿನ್ನಿಂಗ್ ನಡೆಯುತ್ತದೆ. ಮಗುಚಿದ ಆ ತುಂಡಿನೊಳಗೆ ಪದರಗಳು ಮತ್ತೆ ಅನುಕೂಲದ ಓರೆಗೆ ಬರುತ್ತವೆ, ಅಲ್ಲಿ ಜಾರುವಿಕೆ ಹೊಸದಾಗಿ ಶುರುವಾಗಿ ಪಟ್ಟಿ ಆ ಭಾಗದಲ್ಲಿ ಇನ್ನಷ್ಟು ಹಿಗ್ಗಿ ತೆಳುವಾಗುತ್ತದೆ.

ಹದಿನೆಂಟು ಗ್ರಾಂ ಎಂಬುದು ಎಷ್ಟು ಚಿಕ್ಕ ಸಂಖ್ಯೆ ಎಂಬುದನ್ನೂ ಹೇಳಬೇಕು. 1926ರಲ್ಲಿ ಯಾಕೊವ್ ಫ್ರೆಂಕೆಲ್ ಒಂದು ಸರಳ ಲೆಕ್ಕ ಹಾಕಿದ. ಒಂದು ಪದರದ ಅಷ್ಟೂ ಪರಮಾಣುಗಳು ಒಟ್ಟಿಗೆ ಕೆಳಗಿನ ಪದರದ ಮೇಲೆ ಹತ್ತಿ ಇಳಿದು ಜಾರಬೇಕಾದರೆ ಎಷ್ಟು ಒತ್ತಡ ಬೇಕು? ಸತುವಿಗೆ ಆ ಲೆಕ್ಕ ಮಾಡಿದರೆ ಚದರ ಮಿಲಿಮೀಟರಿಗೆ ಸುಮಾರು 600 ಕಿಲೋಗ್ರಾಂ ಬರುತ್ತದೆ. ನಿಜದಲ್ಲಿ ಬೇಕಾದದ್ದು 18 ಗ್ರಾಂ. ಮೂವತ್ತು ಸಾವಿರ ಪಟ್ಟು ಅಂತರ! ಉತ್ತರ ಬಂದದ್ದು 1934ರಲ್ಲಿ, ಪೊಲಾನಿ, ಎಗಾನ್ ಒರೋವಾನ್, ಜಿ. ಐ. ಟೇಲರ್ ಎಂಬ ಮೂವರು ಅದೇ ವರ್ಷ ಪ್ರಕಟಿಸಿದ ಬರಹಗಳಲ್ಲಿ. ಪದರ ಒಟ್ಟಿಗೆ ಜಾರುವುದಿಲ್ಲ. ಹರಳಿನೊಳಗೆ ಪರಮಾಣುಗಳ ಜೋಡಣೆ ತಪ್ಪಿದ ಗೆರೆಯಂಥ ದೋಷಗಳಿರುತ್ತವೆ, ಅವೇ ಡಿಸ್‌ಲೊಕೇಷನ್‌ಗಳು. ಅಂಥ ಗೆರೆ ಪದರದ ಮೇಲೆ ಈ ಅಂಚಿನಿಂದ ಆ ಅಂಚಿಗೆ ಹರಿದುಹೋದರೆ ಪದರ ಒಂದು ಪರಮಾಣುವಿನ ದೂರ ಸರಿದಂತಾಗುತ್ತದೆ. ಒಂದು ಗಳಿಗೆಗೆ ಬಿಚ್ಚಿಕೊಳ್ಳುವುದು ಆ ಗೆರೆಯ ಆಸುಪಾಸಿನ ಬೆಸುಗೆಗಳಷ್ಟೆ. ಆ ಗೆರೆಯನ್ನು ತಳ್ಳುವ ಬಲ ಹುಟ್ಟುವುದು ಅದರ ಪದರದ ಮೇಲೆ, ಅದು ಜಾರಿಸುವ ದಿಕ್ಕಿಗೆ ಬೀಳುವ ಶಿಯರ್ ಒತ್ತಡದಿಂದ. ಶ್ಮಿಡ್ ಅಳೆದು ಕಂಡ ನಿಯಮಕ್ಕೆ ಹತ್ತು ವರ್ಷದ ನಂತರ ಕಾರಣ ಸಿಕ್ಕಿತು.

ಗೆರೆಯ ದಾರಿಗೆ ಏನೇ ಅಡ್ಡ ಬಂದರೂ ಆ ಸಂಖ್ಯೆ ಏರುತ್ತದೆ. ಬೆಳ್ಳಿಯ ಅಂಕಿಗಳು ಇದನ್ನು ಚೆನ್ನಾಗಿ ತೋರಿಸುತ್ತವೆ: 99.99 ಪ್ರತಿಶತ ಶುದ್ಧ ಬೆಳ್ಳಿಗೆ 48 ಗ್ರಾಂ, 99.93 ಆದರೆ 131 ಗ್ರಾಂ. ಸಾವಿರಕ್ಕೆ ಒಂದಕ್ಕೂ ಕಡಿಮೆ ಕಲಬೆರಕೆಯಿಂದ ಎರಡೂವರೆ ಪಟ್ಟಿಗೂ ಹೆಚ್ಚು. ಆದುದರಿಂದ ಈ ಒತ್ತಡವನ್ನು ಹೇಳುವಾಗ ಶುದ್ಧತೆಯನ್ನೂ ಉಷ್ಣತೆಯನ್ನೂ ಜೊತೆಗೆ ಹೇಳದಿದ್ದರೆ ಅಂಕಿಗೆ ಅರ್ಥವಿಲ್ಲ.

ತಾಮ್ರ, ಅಲ್ಯೂಮಿನಿಯಂ, ಬೆಳ್ಳಿಗಳ ಹರಳು ಸತುವಿನದಕ್ಕಿಂತ ಬೇರೆ. ಅವುಗಳಲ್ಲಿ ಒತ್ತೊತ್ತಾದ ಪದರಗಳು ನಾಲ್ಕು ಬೇರೆ ಬೇರೆ ಓರೆಗಳಲ್ಲಿ ಇರುತ್ತವೆ, ಪ್ರತಿ ಪದರದಲ್ಲೂ ಮೂರು ದಿಕ್ಕು, ಒಟ್ಟು ಹನ್ನೆರಡು ಜಾರು ವ್ಯವಸ್ಥೆಗಳು. ಎಳೆತ ಯಾವ ಕಡೆಯಿಂದ ಬಂದರೂ ಹನ್ನೆರಡರಲ್ಲಿ ಒಂದಾದರೂ ಅನುಕೂಲವಾಗಿ ಸಿಕ್ಕೇ ಸಿಗುತ್ತದೆ. ಅತಿ ಕೆಟ್ಟ ಓರೆಯಲ್ಲೂ ಫ್ಯಾಕ್ಟರ್ 0.27ಕ್ಕಿಂತ ಕೆಳಗಿಳಿಯದು. ಹಾಗಾಗಿ ತಾಮ್ರದ ಅತಿ ಗಡುಸಾದ ಓರೆ ಅತಿ ಮೃದುವಾದದ್ದರ ಎರಡು ಪಟ್ಟನ್ನೂ ಮುಟ್ಟುವುದಿಲ್ಲ. ಸತುವಿನಲ್ಲಿ ಅಂಥ ಮಿತಿಯೇ ಇಲ್ಲ.

ಈ ನಿಯಮ ಎಲ್ಲ ಲೋಹಕ್ಕೂ ಒಂದೇ ತೆರನಾಗಿ ಒಪ್ಪುವುದಿಲ್ಲ ಎನ್ನುವುದನ್ನು ಟೇಲರ್ 1928ರಲ್ಲೇ ಬೀಟಾ ಹಿತ್ತಾಳೆಯ ಹರಳುಗಳಲ್ಲಿ ಕಂಡಿದ್ದ. ಕಬ್ಬಿಣ, ಟಂಗ್‌ಸ್ಟನ್, ಮಾಲಿಬ್ಡಿನಂ ಹರಳುಗಳನ್ನು ತಂಪಿನಲ್ಲಿ ಪರೀಕ್ಷಿಸಿದರೆ, ಒಂದೇ ಓರೆಯ ಹರಳು ಎಳೆದಾಗ ಒಂದು ಒತ್ತಡಕ್ಕೆ, ಒತ್ತಿದಾಗ ಇನ್ನೊಂದು ಒತ್ತಡಕ್ಕೆ ಮಣಿಯುತ್ತದೆ. ಸೂತ್ರದ ಪ್ರಕಾರ ಎರಡೂ ಒಂದೇ ಆಗಬೇಕಿತ್ತು. ಈ ಲೋಹಗಳಲ್ಲಿ ಡಿಸ್‌ಲೊಕೇಷನ್ ಗೆರೆಯ ತಿರುಳು ಒಂದೇ ಪದರದ ಮೇಲೆ ಅಚ್ಚುಕಟ್ಟಾಗಿ ಕೂರದೆ, ಅದನ್ನು ಹಾದುಹೋಗುವ ಹಲವು ಪದರಗಳಿಗೆ ಚಾಚಿಕೊಂಡಿರುತ್ತದೆ. ಹೀಗಾಗಿ ತನ್ನ ಪದರದ ಆಚೆಗಿನ ಒತ್ತಡಗಳೂ ಅದರ ಓಟಕ್ಕೆ ಕೈ ಹಾಕುತ್ತವೆ. ಸತು, ತಾಮ್ರಗಳಲ್ಲಿ ಗೆರೆ ತನ್ನ ಪದರದಲ್ಲೇ ಹರಡಿಕೊಂಡಿರುವುದರಿಂದ ಸೂತ್ರ ಅಲ್ಲಿ ಸೊಗಸಾಗಿ ನಡೆಯುತ್ತದೆ.

ಕೊನೆಗೆ ಒಂದು ವಿಚಿತ್ರ. ಇಷ್ಟು ಸುಲಭಕ್ಕೆ ಮಣಿದು ಹಲವು ಪಟ್ಟು ಉದ್ದವಾಗುವ ಸತು, ಸಾಮಾನ್ಯ ಎರಕದ ಗಟ್ಟಿಯಾಗಿ ಬಂದಾಗ ಸುತ್ತಿಗೆಯ ಏಟಿಗೆ ಬಿರಿಯುತ್ತದೆ. ಕಾರಣ ಮತ್ತೆ ಜಾರು ವ್ಯವಸ್ಥೆಗಳದ್ದೇ. ಎರಕದಲ್ಲಿ ಹರಳುಗಳು ಒಂದನ್ನೊಂದು ಅಂಟಿಕೊಂಡು ಬೇರೆ ಬೇರೆ ದಿಕ್ಕಿಗೆ ಕೂತಿರುತ್ತವೆ. ಒಂದು ಹರಳು ಆಕಾರ ಬದಲಿಸಿದರೆ ಪಕ್ಕದ್ದೂ ಅದಕ್ಕೆ ಹೊಂದುವಂತೆ ಬದಲಿಸಬೇಕು, ಇಲ್ಲವೇ ನಡುವೆ ಬಿರುಕು. ಯಾವ ಆಕಾರಕ್ಕಾದರೂ ಹೊಂದಿಕೊಳ್ಳಲು ಒಂದರ ಕೆಲಸವನ್ನು ಇನ್ನೊಂದು ಮಾಡಲಾಗದಂಥ ಐದು ಸ್ವತಂತ್ರ ಜಾರುವಿಕೆಗಳು ಬೇಕು ಎಂದು ರಿಚರ್ಡ್ ಫೊನ್ ಮಿಸೆಸ್ 1928ರಲ್ಲಿ ತೋರಿಸಿದ. ತಾಮ್ರದ ಹನ್ನೆರಡರಲ್ಲಿ ಐದು ಸಿಗುತ್ತವೆ. ಸತುವಿನ ಮೂರು ದಿಕ್ಕುಗಳೂ ಒಂದೇ ಪದರದಲ್ಲಿರುವುದರಿಂದ ನಿಜಕ್ಕೂ ಸ್ವತಂತ್ರವಾದವು ಎರಡೇ. ಪದರಕ್ಕೆ ಲಂಬವಾಗಿ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಅವುಗಳಿಂದ ಆಗದ ಕೆಲಸ.

ಇದರ ಪರಿಹಾರ, ಕಾರಣ ತಿಳಿಯುವುದಕ್ಕೂ ಒಂದು ಶತಮಾನ ಮುಂಚೆ ಕಸುಬುದಾರರಿಗೆ ಸಿಕ್ಕಿತ್ತು. 1805ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಚಾರ್ಲ್ಸ್ ಹಾಬ್ಸನ್ ಮತ್ತು ಚಾರ್ಲ್ಸ್ ಸಿಲ್ವೆಸ್ಟರ್, ಸತುವನ್ನು ಸುಮಾರು 100ರಿಂದ 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಬಿರಿಯದೆ ತಗಡಾಗುತ್ತದೆ ಎಂದು ಕಂಡು ಪೇಟೆಂಟ್ ಪಡೆದರು. ಆ ಕಾವಿನಲ್ಲಿ, ತಂಪಿನಲ್ಲಿ ಬಹಳ ಗಡುಸಾಗಿದ್ದ ಇತರ ಓರೆ ಪದರಗಳು ಕೂಡ, ಮುಖ್ಯವಾಗಿ ಷಟ್ಕೋನದ ಪದರವನ್ನು ಇಳಿಜಾರಾಗಿ ದಾಟಿಹೋಗುವಂಥವು, ಜಾರಲು ಒಪ್ಪುತ್ತವೆ. ಕಾವಿನಿಂದ ಅವುಗಳ ಕನಿಷ್ಠ ಶಿಯರ್ ಒತ್ತಡ ತಗ್ಗುತ್ತದೆ, ಕೊರತೆಯಿದ್ದ ಸ್ವತಂತ್ರ ಜಾರುವಿಕೆಗಳು ಒದಗುತ್ತವೆ, ರೋಲರುಗಳ ನಡುವೆ ಒಂದು ಹರಳು ಚಪ್ಪಟೆಯಾದಾಗ ನೆರೆಯ ಹರಳೂ ಅದರೊಡನೆ ಚಪ್ಪಟೆಯಾಗುತ್ತದೆ.